ನಮ್ಮ ಭಾವ ಬರೆದ ಮುನ್ನೂರು ಪದ, ನಾನು ಉಳಿಸಿದ ಅರವತ್ತು

ತುಮಕೂರಿನಲ್ಲಿ ಸಣ್ಣ ಡಿಟಿಪಿ ಅಂಗಡಿ ಇಟ್ಟುಕೊಂಡವನು ನಾನು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಪತ್ರಿಕೆ ಇವೇ ನನ್ನ ಅನ್ನ. ಈಗ ಎರಡು ಮೂರು ವರ್ಷಗಳಿಂದ ಅಂಗಡಿಗೆ ಬರುವವರು ಇನ್ನೊಂದು ಕೆಲಸವನ್ನೂ ಹೇಳುತ್ತಾರೆ: "ಇದನ್ನೇ ಸ್ವಲ್ಪ ಚಿಕ್ಕದು ಮಾಡಿ ಫೇಸ್‌ಬುಕ್‌ಗೆ ಹಾಕುವ ಹಾಗೆ ಬರೆದುಕೊಡಿ." ಚಿಕ್ಕದು ಮಾಡುವುದೆಂದರೆ ಕತ್ತರಿ ಹಿಡಿದು ಕೂರುವ ಕೆಲಸವೆಂದು ಬಹಳ ಜನ ತಿಳಿದಿದ್ದಾರೆ. ಮೊದಮೊದಲು ನಾನೂ ಹಾಗೆಯೇ ತಿಳಿದಿದ್ದೆ.

ನಮ್ಮ ಅಕ್ಕನ ಮಗ ಗುಬ್ಬಿ ಗೇಟ್ ಕಡೆ ಹೋಟೆಲ್ ತೆರೆಯುತ್ತಿದ್ದಾನೆ. ಹೆಸರು ಹೇಳುವುದಿಲ್ಲ. ಹೇಳಿದರೆ ಈ ಬರಹವೇ ಜಾಹೀರಾತು ಎಂದು ನೀವು ಕಾಲೆಳೆಯುತ್ತೀರಿ. ಪ್ರಕಟಣೆ ಬರೆದವರು ಅವನ ಅಪ್ಪ, ಅಂದರೆ ನನ್ನ ಭಾವ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತರಾದವರು, ಅಕ್ಷರ ಮುತ್ತಿನ ಹಾಗಿದೆ. ಎರಡು ಹಾಳೆ ತುಂಬ ಬರೆದಿದ್ದರು, ಮುನ್ನೂರು ಪದ ದಾಟಿತ್ತು. ಶುರು ಹೀಗಿತ್ತು:

"॥ ಶ್ರೀ ಸಿದ್ಧಿವಿನಾಯಕ ಪ್ರಸನ್ನ ॥ ಸ್ವಸ್ತಿಶ್ರೀ ವಿಶ್ವಾವಸು ನಾಮ ಸಂವತ್ಸರದ ಕಾರ್ತಿಕ ಮಾಸದ ಬರುವ ಭಾನುವಾರದಂದು ಬೆಳಿಗ್ಗೆ ಶುಭ ಮುಹೂರ್ತದಲ್ಲಿ, ಕಲ್ಪತರು ನಾಡಿನ ಸಮಸ್ತ ಆಹಾರಪ್ರಿಯರ ಬಹುದಿನಗಳ ಬೇಡಿಕೆಯ ಮೇರೆಗೆ, ನಗರದ ಹೃದಯಭಾಗದಲ್ಲಿ, ಸರ್ವರಿಗೂ ಅನುಕೂಲವಾಗುವ ಸ್ಥಳದಲ್ಲಿ, ಶುಚಿ ರುಚಿಯಾದ ಶುದ್ಧ ಸಸ್ಯಾಹಾರಿ ಹೋಟೆಲ್ ಗುರುಹಿರಿಯರ ಆಶೀರ್ವಾದದಿಂದ ಶುಭಾರಂಭಗೊಳ್ಳುತ್ತಿದ್ದು..."

ಆ "ಶುಭಾರಂಭಗೊಳ್ಳುತ್ತಿದ್ದು" ಆದ ಮೇಲೆ ವಾಕ್ಯ ಇನ್ನೂ ಹನ್ನೊಂದು ಸಾಲು ಓಡುತ್ತದೆ. ನಡುವೆ ಮೂವತ್ತಕ್ಕೂ ಹೆಚ್ಚು ತಿಂಡಿಗಳ ಪಟ್ಟಿ, ಉದ್ಘಾಟಕರ ಹೆಸರು, ದೀಪ ಬೆಳಗಿಸುವವರ ಹೆಸರು, ಕಟ್ಟಡದ ಮಾಲೀಕರಿಗೆ ಕೃತಜ್ಞತೆ, ಬಣ್ಣ ಬಳಿದ ಮೇಸ್ತ್ರಿಗೂ ಕೃತಜ್ಞತೆ. ಕೊನೆಯಲ್ಲಿ "ಮೊದಲ ದಿನ ಬರುವ ಗ್ರಾಹಕ ಬಂಧುಗಳಿಗೆ ವಿಶೇಷ ರಿಯಾಯಿತಿ".

ಇದನ್ನು ಹಾಗೇ ಹಾಕಿದರೆ ಏನಾಗುತ್ತದೆ ಎಂದು ಹುಡುಗನಿಗೆ ತೋರಿಸಿದೆ. ಇನ್‌ಸ್ಟಾಗ್ರಾಂ ಚಿತ್ರದ ಕೆಳಗಿನ ಬರಹದಲ್ಲಿ ಸುಮಾರು ಮೊದಲ 125 ಅಕ್ಷರಗಳನ್ನಷ್ಟೇ ತೋರಿಸಿ ಉಳಿದದ್ದನ್ನು ಮಡಚಿಡುತ್ತದೆ. ಒತ್ತಿದರೆ ಮಾತ್ರ ಬಿಚ್ಚಿಕೊಳ್ಳುತ್ತದೆ. ಫೇಸ್‌ಬುಕ್ ಕೂಡ ಕೆಲವು ಸಾಲುಗಳಾದ ಮೇಲೆ ಹಾಗೆಯೇ ಮಾಡುತ್ತದೆ. ಕನ್ನಡದವರಿಗೆ ಇಲ್ಲಿ ಇನ್ನೂ ಒಂದು ನಷ್ಟವಿದೆ. "ತಟ್ಟೆ" ಎಂದು ಬರೆದರೆ ನಮ್ಮ ಕಣ್ಣಿಗೆ ಎರಡು ಅಕ್ಷರ, ಯಂತ್ರದ ಲೆಕ್ಕದಲ್ಲಿ ಐದು: ತ, ಟ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ಟ, ಎತ್ವ. ಒತ್ತು, ಗುಣಿತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಭಾವನ ಬರಹವನ್ನು ಎಣಿಸಿ ನೋಡಿದೆ. 121ನೆಯ ಚಿಹ್ನೆಗೆ ನಾವು ಮುಟ್ಟಿದ್ದು "ಶುಭ ಮುಹೂರ್ತದಲ್ಲಿ" ಪದದ ಪಕ್ಕದ ಅಲ್ಪವಿರಾಮವನ್ನು. ಮೊಬೈಲಿನಲ್ಲಿ ಬೆರಳಾಡಿಸುತ್ತ ಹೋಗುವವನಿಗೆ ಕಾಣುವುದು ಇಷ್ಟೇ: ಗಣಪತಿ, ಸಂವತ್ಸರ, ಮಾಸ, ಭಾನುವಾರ, ಮುಹೂರ್ತ. ಮದುವೆಯೋ ಉಪನಯನವೋ ಎಂದುಕೊಂಡು ಅವನು ಮುಂದೆ ಹೋಗುತ್ತಾನೆ. ಹೋಟೆಲ್ ಎಂಬ ಪದವನ್ನು ಅವನು ನೋಡುವುದೇ ಇಲ್ಲ.

"ಹಾಗಾದರೆ ಮೊದಲ ಎರಡು ಸಾಲು ತೆಗೆದುಬಿಡಿ ಮಾವ, ಅಷ್ಟೇ ತಾನೇ?" ಎಂದ.

ಅಷ್ಟೇ ಅಲ್ಲ. ಉದ್ದ ಬರಹದ ನಿಜವಾದ ತೊಂದರೆ ಎರಡನೆಯ ಸಲ ಓದಿದಾಗ ಗೊತ್ತಾಗುತ್ತದೆ. ನಾನು ಒಂದು ಖಾಲಿ ಹಾಳೆ ತೆಗೆದುಕೊಂಡು, ಹಸಿದ ಮನುಷ್ಯನೊಬ್ಬ ಕೇಳಬಹುದಾದ ಪ್ರಶ್ನೆಗಳನ್ನು ಬರೆದು, ಪಕ್ಕದಲ್ಲಿ ಭಾವನ ಬರಹದಿಂದ ಉತ್ತರ ಹುಡುಕುತ್ತ ಹೋದೆ. ಏನು ಸಿಗುತ್ತದೆ? ಮೂವತ್ತು ಚಿಲ್ಲರೆ ಉತ್ತರಗಳಿವೆ. ಎಲ್ಲಿ? ನಗರದ ಹೃದಯಭಾಗದಲ್ಲಿ. ಯಾವತ್ತು? ಬರುವ ಭಾನುವಾರ. ಎಷ್ಟು ಗಂಟೆಗೆ? ಬೆಳಿಗ್ಗೆ. ಎಷ್ಟು ರಿಯಾಯಿತಿ? ವಿಶೇಷ. ಮುನ್ನೂರು ಪದಗಳಲ್ಲಿ ಒಂದು ತಾರೀಕಿಲ್ಲ, ಒಂದು ಗಂಟೆಯಿಲ್ಲ, ಒಂದು ಬೆಲೆಯಿಲ್ಲ, ಫೋನ್ ನಂಬರಂತೂ ಇಲ್ಲವೇ ಇಲ್ಲ. ಇಂಥದ್ದರಲ್ಲಿ ಕತ್ತರಿಸುವುದಕ್ಕಿಂತ ಮೊದಲು ಸೇರಿಸುವ ಕೆಲಸವೇ ಹೆಚ್ಚು.

ಆಮೇಲೆ ಅಂಗಡಿಯಲ್ಲೇ ಕೂತು ಅವನನ್ನು ಪೊಲೀಸಿನವರಂತೆ ಪ್ರಶ್ನಿಸಿದೆ.

"ಬೆಳಿಗ್ಗೆ ಎಂದರೆ ಎಷ್ಟು ಗಂಟೆ?"

"ಆರಕ್ಕೆ ಗಣಹೋಮ, ಮಾವ."

"ಹೋಮಕ್ಕೆ ಬಂದವನಿಗೆ ಇಡ್ಲಿ ಕೊಡುತ್ತೀಯಾ?"

"ಇಲ್ಲ, ಉದ್ಘಾಟನೆ ಹತ್ತೂವರೆಗೆ. ಅದು ಮುಗಿದ ಮೇಲೆ, ಹನ್ನೊಂದರಿಂದ ಕೌಂಟರ್ ಶುರು."

ನೋಡಿ, ಒಂದು "ಬೆಳಿಗ್ಗೆ"ಯ ಹೊಟ್ಟೆಯಲ್ಲಿ ಮೂರು ಸಮಯಗಳಿದ್ದವು. ನಮ್ಮ ಕಡೆ ಹೊಸ ಹೋಟೆಲಿನ ಪ್ರಕಟಣೆಗಳಲ್ಲಿ ಆಗುವ ದೊಡ್ಡ ಎಡವಟ್ಟೇ ಇದು. ಪೂಜೆಯ ಹೊತ್ತು, ಟೇಪು ಕತ್ತರಿಸುವ ಹೊತ್ತು, ತಟ್ಟೆ ಮುಂದಿಡುವ ಹೊತ್ತು ಎಲ್ಲವನ್ನೂ ಮುಹೂರ್ತವೆಂಬ ಒಂದೇ ಪದದಲ್ಲಿ ಕಟ್ಟಿಡುತ್ತಾರೆ. ಏಳೂವರೆಗೆ ಮಕ್ಕಳನ್ನು ಕರೆದುಕೊಂಡು ಬಂದವನಿಗೆ ಸಿಗುವುದು ಹೋಮದ ಹೊಗೆ. ಅವನು ಮತ್ತೆ ಬರುತ್ತಾನೆಂದು ನನಗೆ ನಂಬಿಕೆಯಿಲ್ಲ. ಜನರಿಗೆ ಹೇಳಬೇಕಾದದ್ದು ಮೂರನೆಯ ಸಮಯವೊಂದನ್ನೇ.

ರಿಯಾಯಿತಿಯ ವಿಷಯ ಇನ್ನೂ ಚೆನ್ನಾಗಿತ್ತು. ಹುಡುಗ ಬಿಲ್ಲಿನಲ್ಲಿ ಶೇಕಡಾ 20 ಎಂದುಕೊಂಡಿದ್ದ. ಫೋನ್ ಮಾಡಿ ಕೇಳಿದರೆ ಭಾವ ಒಂದು ಪ್ಲೇಟ್ ಇಡ್ಲಿಗೆ ಇನ್ನೊಂದು ಪ್ಲೇಟ್ ಉಚಿತ ಎಂದುಕೊಂಡಿದ್ದರು. ಅಕ್ಕನಿಗೆ ಎರಡೂ ಗೊತ್ತಿರಲಿಲ್ಲ. "ವಿಶೇಷ" ಎಂಬ ಪದ ಇದನ್ನೆಲ್ಲ ಮುಚ್ಚಿಟ್ಟಿತ್ತು. ಅದನ್ನು ಬಿಡಿಸದೆ ಹಾಕಿದ್ದರೆ ಭಾನುವಾರ ಕ್ಯಾಷ್ ಕೌಂಟರಿನ ಮುಂದೆ ಅಪ್ಪ ಮಗ ಜಗಳವಾಡುತ್ತಿದ್ದರು. ಕೊನೆಗೆ ಶೇಕಡಾ 20 ಎಂದಾಯಿತು, ಅದೂ ಆ ಒಂದು ದಿನ, ಅಲ್ಲೇ ಕೂತು ತಿನ್ನುವವರಿಗೆ ಮಾತ್ರ. ಪಾರ್ಸೆಲ್ ಬಿಟ್ಟದ್ದು ಏಕೆಂದರೆ ಮೊದಲ ದಿನವೇ ಇಪ್ಪತ್ತು ಪೊಟ್ಟಣ ಕಟ್ಟಿಸಿಕೊಳ್ಳುವವರು ಎಲ್ಲ ಊರಿನಲ್ಲೂ ಇರುತ್ತಾರೆ.

"ಬರುವ ಭಾನುವಾರ" ಎಂಬುದನ್ನು ಬದಲಿಸಿ "ನವೆಂಬರ್ 16, ಭಾನುವಾರ" ಮಾಡಿದೆ. ಪ್ರಕಟಣೆ ನಾವು ಹಾಕಿದ ಜಾಗದಲ್ಲಿ ಕೂರುವುದಿಲ್ಲ. ಯಾರೋ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುತ್ತಾರೆ, ಹತ್ತು ದಿನ ಕಳೆದ ಮೇಲೂ ಅದು ಸುತ್ತುತ್ತಲೇ ಇರುತ್ತದೆ, ಆಗಲೂ ಅದು "ಬರುವ ಭಾನುವಾರ"ವೇ. ತಾರೀಕು, ವಾರ ಎರಡನ್ನೂ ಒಟ್ಟಿಗೆ ಹಾಕುವುದಕ್ಕೆ ಇನ್ನೊಂದು ಕಾರಣವಿದೆ. ಒಂದರಲ್ಲಿ ತಪ್ಪಾದರೆ ಇನ್ನೊಂದು ಹಿಡಿದುಕೊಡುತ್ತದೆ. ಲಗ್ನಪತ್ರಿಕೆಯ ಕರಡು ತಿದ್ದುವವರೆಲ್ಲ ಮೊದಲು ನೋಡುವುದು ಇದನ್ನೇ.

ತಿಂಡಿಯ ಪಟ್ಟಿಯಲ್ಲಿ ಎರಡನ್ನಷ್ಟೇ ಉಳಿಸಿದೆ. ದೋಸೆ, ಪೂರಿ, ಗೋಬಿ ಮಂಚೂರಿ ಯಾವ ಬೀದಿಯಲ್ಲಿ ಸಿಗುವುದಿಲ್ಲ? ಅವನ ಅಡುಗೆಯವರ ಕೈ ಪಳಗಿರುವುದು ತಟ್ಟೆ ಇಡ್ಲಿಯಲ್ಲಿ ಮತ್ತು ಮುದ್ದೆ ಬಸ್ಸಾರಿನಲ್ಲಿ. ಕ್ಯಾತ್ಸಂದ್ರದವರೆಗೆ ಹೋಗಿ ತಟ್ಟೆ ಇಡ್ಲಿ ತಿನ್ನುವ ಊರು ನಮ್ಮದು. ಊರೊಳಗೇ ಅದು ಸಿಗುತ್ತದೆ ಎಂಬುದು ಸುದ್ದಿ. ಉಳಿದದ್ದು ಮೆನು ಕಾರ್ಡಿನಲ್ಲಿ ಇರಲಿ.

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ಪರಿಚಯದವರೊಬ್ಬರು ದೊನ್ನೆ ಬಿರಿಯಾನಿಯ ಅಂಗಡಿ ತೆರೆದರು, ಅಣಬೆಯದು, ತರಕಾರಿಯದು ಮಾತ್ರ. ಅವರ ಬರಹದಲ್ಲಿ "ಶುದ್ಧ ಸಸ್ಯಾಹಾರಿ" ಎಂದಿತ್ತು. ಶುಚಿ, ರುಚಿ, ಸುಸಜ್ಜಿತ, ಅಚ್ಚುಕಟ್ಟು ಎಂಬ ಸವಕಲು ಪದಗಳ ಸಾಲಿನಲ್ಲೇ ಅದೂ ಕೂತಿತ್ತು. ಕತ್ತರಿ ಹಿಡಿದ ಹುರುಪಿನಲ್ಲಿ ಆ ಸಾಲನ್ನು ಒಟ್ಟಾಗಿ ಹಾರಿಸಿಬಿಟ್ಟೆ. ದೊನ್ನೆ ಬಿರಿಯಾನಿ ಎಂದರೆ ನಮ್ಮ ಜನ ಮಟನ್ ಎಂದೇ ತಿಳಿಯುತ್ತಾರೆ. ಮೊದಲ ದಿನ ಬಂದವರಲ್ಲಿ ಬಹಳ ಮಂದಿ ಬಾಗಿಲಲ್ಲೇ ತಿರುಗಿದರು. ಮಾಂಸ ತಿನ್ನದವರು ಬರಲೇ ಇಲ್ಲ. ಅಂದಿನಿಂದ ಪದ ತೆಗೆಯುವ ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳುತ್ತೇನೆ: ಇದು ಇಲ್ಲದಿದ್ದರೆ ಯಾರಾದರೂ ಬಂದು ವಾಪಸು ಹೋಗಬೇಕಾಗುತ್ತದೆಯೇ? "ರುಚಿಯಾದ" ಇಲ್ಲದಿದ್ದರೆ ಯಾರೂ ವಾಪಸು ಹೋಗುವುದಿಲ್ಲ. "ಸಸ್ಯಾಹಾರಿ", "ಮಂಗಳವಾರ ರಜೆ", "ಪಾರ್ಸೆಲ್‌ಗೆ ಇಲ್ಲ" ಇವು ಇಲ್ಲದಿದ್ದರೆ ಹೋಗುತ್ತಾರೆ. ಅಕ್ಷರ ಎಷ್ಟೇ ತಿನ್ನಲಿ, ಅವು ಇರಲೇಬೇಕು.

ವಿಳಾಸಕ್ಕೆ ಹೃದಯಭಾಗ ಬಿಟ್ಟು ಪೆಟ್ರೋಲ್ ಬಂಕನ್ನು ಹಿಡಿದೆವು. ಹುಡುಗ "ಎಡಗಡೆ" ಎಂದು ಹೇಳಿದ. ಎಲ್ಲಿಂದ ಬರುವವರಿಗೆ ಎಡ? ಗುಬ್ಬಿಯಿಂದ ಬರುವವರಿಗೆ ಅದು ಬಲ. ಎದುರು ಎಂದರೆ ಎರಡೂ ಕಡೆಯವರಿಗೆ ಎದುರೇ. ಫೋನ್ ನಂಬರನ್ನು ಪೋಸ್ಟರಿನ ಚಿತ್ರದೊಳಗೆ ಮಾತ್ರ ಬಿಡದೆ ಬರಹದಲ್ಲೂ ಹಾಕಿಸಿದೆ. ಚಿತ್ರದಲ್ಲಿರುವ ನಂಬರನ್ನು ಬಾಯಿಪಾಠ ಮಾಡಿ ಒತ್ತುವ ತಾಳ್ಮೆ ಯಾರಿಗಿದೆ?

ಕೊನೆಗೆ ಹೀಗಾಯಿತು:

"ತಟ್ಟೆ ಇಡ್ಲಿ, ಮುದ್ದೆ ಊಟ ಈಗ ತುಮಕೂರಿನ ಗುಬ್ಬಿ ಗೇಟ್ ಬಳಿ. ನವೆಂಬರ್ 16, ಭಾನುವಾರ ಬೆಳಿಗ್ಗೆ 11ರಿಂದ.

(ಹೋಟೆಲಿನ ಹೆಸರು), ಶುದ್ಧ ಸಸ್ಯಾಹಾರಿ.

ಮೊದಲ ದಿನ ಮಧ್ಯಾಹ್ನ 3:30ರವರೆಗೆ ತಿಂಡಿ, ಊಟ ಎರಡೂ ಇರುತ್ತವೆ. ಅಂದು ಮಾತ್ರ ಬಿಲ್ಲಿನಲ್ಲಿ ಶೇ. 20 ರಿಯಾಯಿತಿ, ಪಾರ್ಸೆಲ್‌ಗೆ ಇಲ್ಲ.

ಸೋಮವಾರದಿಂದ ತಿಂಡಿ ಬೆಳಿಗ್ಗೆ 7ರಿಂದ 11, ಊಟ ಮಧ್ಯಾಹ್ನ 12ರಿಂದ 3:30. ಮುದ್ದೆ ಊಟ 90 ರೂ. ಮಂಗಳವಾರ ರಜೆ.

ಗುಬ್ಬಿ ರಸ್ತೆ, ಪೆಟ್ರೋಲ್ ಬಂಕ್ ಎದುರು. ಫೋನ್: (ನಂಬರ್)"

ಮೊದಲ ಸಾಲು ಯಂತ್ರದ ಲೆಕ್ಕದಲ್ಲೂ ತೊಂಬತ್ತರೊಳಗೆ ನಿಂತಿತು. ಉಳಿದದ್ದನ್ನು ಯಾರೂ ಬಿಚ್ಚಿ ನೋಡದಿದ್ದರೂ ಏನು, ಎಲ್ಲಿ, ಯಾವಾಗ ಎಂಬುದು ಕಣ್ಣಿಗೆ ಬಿದ್ದಿರುತ್ತದೆ. ಹೋಟೆಲಿನ ಹೆಸರು ಎರಡನೆಯ ಸಾಲಿಗೆ ಹೋಯಿತೆಂದು ಹುಡುಗ ಮುಖ ಸಣ್ಣದು ಮಾಡಿದ. ಇನ್ನೂ ಯಾರಿಗೂ ಗೊತ್ತಿಲ್ಲದ ಹೆಸರಿಗಿಂತ ಎಲ್ಲರಿಗೂ ಗೊತ್ತಿರುವ ಇಡ್ಲಿ ಮುಂದಿರಲಿ ಎಂದೆ. ಆರು ತಿಂಗಳ ನಂತರ ಅದಲು ಬದಲು ಮಾಡಿಕೊಳ್ಳಲಿ.

ಸಂಜೆ ಭಾವ ಬಂದರು. ಕನ್ನಡಕ ಏರಿಸಿ ಓದಿದರು, ಇನ್ನೊಮ್ಮೆ ಓದಿದರು. ಸಂವತ್ಸರ ಎಲ್ಲಿ ಎಂದು ಕೇಳುತ್ತಾರೆಂದು ಕಾದಿದ್ದೆ, ಕೇಳಲಿಲ್ಲ.

"ಎಲ್ಲ ಸರಿಯಾಗಿದೆ. ಆದರೆ ಇದು ನೀರಿನ ಬಿಲ್ ಕಟ್ಟಲು ಕೊಟ್ಟ ನೋಟಿಸಿನ ಹಾಗಿದೆ. ಬನ್ನಿ ಎಂದು ಒಂದು ಮಾತು ಕರೆದೇ ಇಲ್ಲವಲ್ಲ?"

ನಿಜವೇ. ಅರವತ್ತರ ಆಸುಪಾಸಿನ ಪದಗಳಲ್ಲಿ ಕರೆಯುವ ಪದವೊಂದೂ ಇರಲಿಲ್ಲ. ಕೊನೆಯ ಸಾಲಾಗಿ "ಮನೆಮಂದಿಯೊಂದಿಗೆ ಬನ್ನಿ" ಎಂದು ಅವರ ಕೈಯಲ್ಲೇ ಬರೆಸಿದೆ.

ಅವರ ಎರಡು ಹಾಳೆಯ ಬರಹ ವ್ಯರ್ಥವಾಗಲಿಲ್ಲ. ನೆಂಟರಿಗೆ, ಬೀದಿಯವರಿಗೆ ಕೈಯಾರೆ ಕೊಡಲು ಇನ್ನೂರು ಕಾರ್ಡು ಮುದ್ರಿಸುತ್ತಿದ್ದೇನೆ. ಗಣಪತಿ, ಸಂವತ್ಸರ, ಉದ್ಘಾಟಕರು, ದೀಪ ಬೆಳಗಿಸುವವರು, ಬಣ್ಣದ ಮೇಸ್ತ್ರಿ ಎಲ್ಲರೂ ಅದರಲ್ಲಿದ್ದಾರೆ. ತಾರೀಕು ಮತ್ತು ಗಂಟೆ ಸೇರಿಸಿದ್ದು ಬಿಟ್ಟರೆ ನಾನು ಬೇರೇನನ್ನೂ ಮುಟ್ಟಿಲ್ಲ.