ಕಷಾಯ ಪುಡಿಯ ಪೊಟ್ಟಣದ ಹಸಿರು ಚುಕ್ಕೆ: ಒಂದು ಸ್ಪಷ್ಟನೆ

“ಹಸಿರು ಚುಕ್ಕೆ ಇದೆ, ಪೂರ್ತಿ ಗಿಡಮೂಲಿಕೆ, ಬಸುರಿಯರೂ ದಿನಾ ಕುಡಿಯಬಹುದು.”

ಇದು ತಪ್ಪು. ಹಸಿರು ಚುಕ್ಕೆಯ ಅರ್ಥ ಸಸ್ಯಾಹಾರ ಎಂದಷ್ಟೇ. ಗರ್ಭಿಣಿಯರಿಗೆ ಯೋಗ್ಯವೋ ಅಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಮಳೆಗಾಲದ ಥಂಡಿಗೆಂದು ಮಡಿಕೇರಿಯ ಅಂಗಡಿಯೊಂದರಿಂದ ನಾನು ತಂದ ಪೊಟ್ಟಣದ ಹಿಂಬದಿಯಲ್ಲಿ, ಕಣ್ಣು ಕಿರಿದಾಗಿಸಿ ಓದಬೇಕಾದಷ್ಟು ಸಣ್ಣಕ್ಷರದಲ್ಲಿ, ಕೊತ್ತಂಬರಿ, ಜೀರಿಗೆ, ಯಷ್ಟಿಮಧು, ಶುಂಠಿ, ಕಾಳುಮೆಣಸು ಎಂದಿತ್ತು. ಇವುಗಳಲ್ಲಿ ಗರ್ಭಿಣಿಯರು ಗಮನಿಸಬೇಕಾದದ್ದು ಯಷ್ಟಿಮಧು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮವಾದ್ದರಿಂದ, ಇಲ್ಲಿ ಯಷ್ಟಿಮಧು ಶುಂಠಿಗಿಂತ ಕಡಿಮೆಯಿಲ್ಲ. ಆದರೆ ಎಷ್ಟು ಗ್ರಾಂ ಎಂಬುದು ಮಾತ್ರ ಎಲ್ಲಿಯೂ ಇರಲಿಲ್ಲ.

ಅತಿಮಧುರ, ಜ್ಯೇಷ್ಠಮಧು, ಮುಲೇಠಿ, ಲಿಕೊರಿಸ್, ಗ್ಲಿಸಿರೈಜಾ ಗ್ಲಾಬ್ರಾ ಎಂದು ಬರೆದಿದ್ದರೂ ಅದು ಯಷ್ಟಿಮಧುವೇ. ಅದರ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ಹೆಚ್ಚಾದರೆ ದೇಹದಲ್ಲಿ ಉಪ್ಪು, ನೀರು ಉಳಿದು, ಪೊಟ್ಯಾಸಿಯಂ ಇಳಿದು, ರಕ್ತದೊತ್ತಡ ಏರುತ್ತದೆ. ತಾಯಿಯ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಮಗುವನ್ನು ಅತಿಯಾಗಿ ತಲುಪದಂತೆ ಮಾಸು ಒಡ್ಡುವ ತಡೆಯನ್ನೂ ಅದು ಸಡಿಲಿಸುತ್ತದೆ. ಒಮ್ಮೆ ಅರ್ಧ ಲೋಟ ಕುಡಿದವರು ಗಾಬರಿಯಾಗಬೇಕಿಲ್ಲ, ತೊಂದರೆಯಿರುವುದು ನಿತ್ಯದ ಸೇವನೆಯಲ್ಲಿ. ವಾರಗಟ್ಟಲೆ ಕುಡಿದಿದ್ದರೆ, ಅದರಲ್ಲೂ ಮುಖ, ಕೈ ಊದಿಕೊಂಡಿದ್ದರೆ ಅಥವಾ ತಲೆನೋವು ಬಿಡದಿದ್ದರೆ, ಅದನ್ನು ನಿಲ್ಲಿಸಿ, ಖಾಲಿ ಪೊಟ್ಟಣದೊಡನೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ ರಕ್ತದೊತ್ತಡ ನೋಡಿಸಿಕೊಳ್ಳಬೇಕು.