ಹಿರಿಯರಿಗೆ ನಮಸ್ಕರಿಸುವಾಗ ಮೊದಲು ನಿಲ್ಲಬೇಕು

ನಾನು ನೆಲೆಸಿರುವ ಕೊರಿಯಾದಲ್ಲಿ ವಯಸ್ಸಾದವರು ಎದುರಾದರೆ ಕಿರಿಯರು ನಡಿಗೆ ನಿಲ್ಲಿಸಿ, ಸೊಂಟದಿಂದ ಬಾಗಿ, ‘ಅನ್ಯೊಂಗ್‌ಹಸೇಯೊ’ ಎನ್ನುತ್ತಾರೆ. ಸಮವಯಸ್ಕ ಗೆಳೆಯರಿಗೆ ಸಲ್ಲುವ ಬರಿಯ ‘ಅನ್ಯೊಂಗ್’ ಅಲ್ಲಿ ಸಲ್ಲುವುದಿಲ್ಲ. ಕೈಕುಲುಕಲು ಕಿರಿಯರು ತಾವಾಗಿ ಕೈ ಚಾಚುವುದಿಲ್ಲ. ಹಿರಿಯರೇ ಚಾಚಿದರೆ, ಎಡಗೈಯನ್ನು ಬಲಗೈಯ ಮಣಿಕಟ್ಟಿಗೋ ಮುಂಗೈಗೋ ಆನಿಸಿಕೊಂಡು, ತುಸು ಬಾಗಿ ಹಿಡಿದುಕೊಳ್ಳುತ್ತಾರೆ. ಮುಟ್ಟಬೇಕೋ ಬೇಡವೋ ಎಂಬ ತೀರ್ಮಾನ ಹೀಗೆ ಹಿರಿಯರ ಕೈಯಲ್ಲೇ ಉಳಿಯುತ್ತದೆ. ಈ ಪದ್ಧತಿಯಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ.

ನಮ್ಮಲ್ಲಿ ಕಾಲು ಮುಟ್ಟಿ ನಮಸ್ಕರಿಸುವುದಕ್ಕೂ ಕ್ರಮವಿದೆ. ಬಲಗೈ ಹಿರಿಯರ ಬಲಪಾದವನ್ನೂ ಎಡಗೈ ಎಡಪಾದವನ್ನೂ ಮುಟ್ಟಬೇಕಾದ್ದರಿಂದ ಕೈಗಳನ್ನು ಅಡ್ಡಹಾಯಿಸಬೇಕು. ಮಲಗಿದವರ ಕಾಲಿಗೆ ಎರಗಬಾರದೆಂದು ಮನೆಯ ಹಿರಿಯರೇ ತಡೆಯುತ್ತಾರೆ. ಆದರೆ ಈಗ ಸಮಾರಂಭಗಳಲ್ಲಿ ಕಾಣುವುದು ಹೆಚ್ಚಾಗಿ ಅವಸರ: ನಿಂತಿರುವ ವೃದ್ಧರ ಕಾಲಿಗೆ ಹಠಾತ್ತನೆ ಬಾಗುತ್ತೇವೆ, ಅವರು ಗಾಬರಿಯಿಂದ ಹಿಂದೆ ಸರಿಯುತ್ತಾರೆ. ಮಂಡಿನೋವಿರುವ, ಕೋಲೂರಿ ನಿಂತವರಿಗೆ ಆ ಒಂದು ಹೆಜ್ಜೆಯೇ ಬೀಳಲು ಸಾಕು. ಅವರು ಕುಳಿತ ಮೇಲೆ ಎರಗುವುದು, ನಿಂತೇ ಇದ್ದರೆ ಎದುರಿಗೆ ಬಂದು ಕೈಮುಗಿಯುವುದು ಸರಿಯೆಂದು ನನ್ನ ಅಭಿಪ್ರಾಯ.

ಮಾತಿನ ವಿಷಯದಲ್ಲಿ ನನ್ನ ತಕರಾರು ಇನ್ನೂ ಗಟ್ಟಿಯಾದದ್ದು. ಎಂಬತ್ತು ದಾಟಿದ ಅಜ್ಜಿಯೊಬ್ಬರು ಕುರ್ಚಿಯಲ್ಲಿ ಕುಳಿತಿದ್ದಾರೆ ಎನ್ನೋಣ. ಬಂದವರು ಬಾಗಿಲಿನಿಂದಲೇ ಏರುದನಿಯಲ್ಲಿ “ನಾನ್ಯಾರು ಹೇಳಿ ನೋಡೋಣ, ಗುರುತು ಸಿಕ್ಕಿತಾ?” ಎಂದು ಕೇಳುತ್ತಾರೆ. ಪ್ರೀತಿಯಿಂದಲೇ ಕೇಳಿದರೂ, ನೆನಪು ಮಸುಕಾಗುತ್ತಿರುವವರಿಗೆ ಅದು ಎಲ್ಲರೆದುರಿನ ಪರೀಕ್ಷೆ; ಅವರ ಮುಖದಲ್ಲಿ ಮೂಡುವ ಅನುಮಾನದ ನಗುವನ್ನು ನೋಡಿದರೆ ಅದು ತಿಳಿಯುತ್ತದೆ. ಅದರ ಬದಲು ಅವರ ಮುಂದೆ, ಬೆಳಕು ನಮ್ಮ ಮುಖದ ಮೇಲೆ ಬೀಳುವಂತೆ ನಿಂತು, ಅವರು ತಲೆಯೆತ್ತಿ ನೋಡುವವರೆಗೆ ಕಾದು, ಕೈಮುಗಿದು, “ಅಜ್ಜಿ, ನಮಸ್ಕಾರ. ನಾನು ನಿಮ್ಮ ತಂಗಿಯ ಮೊಮ್ಮಗ” ಎಂದು ಸಂಬಂಧವನ್ನು ನಾವೇ ಹೇಳಬೇಕು. ಆಮೇಲೆ “ಹೇಗಿದ್ದೀರಿ?” ಎಂದು ಕೇಳಿ, ಅವರ ಉತ್ತರ ಮುಗಿಯುವವರೆಗೆ ಮತ್ತೊಂದು ಪ್ರಶ್ನೆ ಹಾಕಬಾರದು.

ದನಿಯನ್ನು ಏರಿಸಿದರೆ ಕೇಳಿಸುತ್ತದೆ ಎಂಬುದು ಪೂರ್ತಿ ನಿಜವಲ್ಲ. ವಯಸ್ಸಿನಿಂದ ಬರುವ ಕಿವುಡುತನದಲ್ಲಿ ಸಾಮಾನ್ಯವಾಗಿ ಮೊದಲು ಕುಗ್ಗುವುದು ತಾರಸ್ಥಾಯಿಯ ಸದ್ದುಗಳು. ಸ, ಶ, ತ ಮುಂತಾದ ವ್ಯಂಜನಗಳು ಮಸುಕಾಗಿ ಮಾತು ಕಲಸಿದಂತೆ ಕೇಳಿಸುತ್ತದೆ. ಕೂಗಿದಾಗ ದನಿ ಕೀರಲಾಗಿ ಸಿಟ್ಟಿನಂತೆ ತೋರುತ್ತದೆಯೇ ಹೊರತು ಮಾತು ಸ್ಪಷ್ಟವಾಗುವುದಿಲ್ಲ. ತುಟಿ ಕಾಣುವಂತೆ, ತಗ್ಗಿದ ಸ್ಥಾಯಿಯ ದನಿಯಲ್ಲಿ, ನಿಧಾನವಾಗಿ ಆಡಿದ ಮಾತು ಹೆಚ್ಚು ತಲುಪುತ್ತದೆ.

ಕೊರಿಯಾದ ಕ್ರಮವೇ ಮೇಲೆಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಎರಗಿದವರ ತಲೆಯ ಮೇಲೆ ಹಿರಿಯರು ಕೈಯಿಟ್ಟು ಹರಸುತ್ತಾರೆ. ಅಲ್ಲಿನ ದಿನನಿತ್ಯದ ವಂದನೆಯಲ್ಲಿ ಆ ಸ್ಪರ್ಶವಿಲ್ಲ, ಅದರ ಕೊರತೆ ನನಗೆ ತಟ್ಟುತ್ತದೆ. ಆದ್ದರಿಂದಲೇ, ಎರಗಿದ ಕೂಡಲೇ ಎದ್ದು ಫೋಟೊಗೆ ತಿರುಗದೆ, ಅವರ ಕೈ ತಲೆ ಮುಟ್ಟಿ ಹರಕೆಯ ಮಾತು ಮುಗಿಯುವವರೆಗೆ ಬಾಗಿಯೇ ಇರಬೇಕೆಂದು ನಮ್ಮ ಮಕ್ಕಳಿಗೆ ಹೇಳಿಕೊಡುತ್ತೇನೆ.