ಅರ್ಧ ಗಾದೆ

ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ನನಗೆ ವಹಿಸಿರುವ ಕೆಲಸಕ್ಕೆ ಹೆಸರಿಲ್ಲ. ಕಾರ್ಯಕ್ರಮ ಮುಗಿದ ರಾತ್ರಿ ಯಾರು ಯಾರೋ ತೆಗೆದ ಚಿತ್ರಗಳು ನನ್ನ ಮೊಬೈಲಿಗೆ ಬಂದು ಬೀಳುತ್ತವೆ. ಅವುಗಳಲ್ಲಿ ಮೂರೋ ನಾಲ್ಕೋ ಆರಿಸಿ, ಒಂದೊಂದರ ಕೆಳಗೂ ಒಂದೆರಡು ಸಾಲು ಬರೆದು, ವಾಟ್ಸಾಪ್ ಗುಂಪಿಗೂ ಇನ್‌ಸ್ಟಾಗ್ರಾಂ ಪುಟಕ್ಕೂ ನಾನು ಹಾಕಬೇಕು. ಗುಂಪಿನಲ್ಲಿರುವವರು ಹೆಚ್ಚಾಗಿ ಹಿರಿಯರು, ಊರಿನಿಂದ ಬಂದು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಓದಿದವರು. ಪುಟವನ್ನು ನೋಡುವವರು ಅವರ ಮಕ್ಕಳು, ಮೊಮ್ಮಕ್ಕಳು. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಕೇಳಿ ಬೆಳೆದು, ಶಾಲೆಯಲ್ಲಿ ಮರಾಠಿ ಮತ್ತು ಇಂಗ್ಲಿಷ್ ಕಲಿತ ಇವರು ಕನ್ನಡವನ್ನು ಓದುವುದು ಒಂದೊಂದೇ ಅಕ್ಷರವನ್ನು ಕೂಡಿಸಿಕೊಂಡು, ಓಡುವ ರೈಲಿನಿಂದ ನಿಲ್ದಾಣದ ಹೆಸರು ಓದುವವರ ಹಾಗೆ. ಎರಡು ಪಂಗಡಕ್ಕೆ ಎರಡು ಬಗೆಯ ಅಡಿಬರಹ ಬರೆಯುವ ತಾಳ್ಮೆ ರಾತ್ರಿ ಹನ್ನೊಂದರ ಮೇಲೆ ನನ್ನಲ್ಲಿ ಉಳಿದಿರುವುದಿಲ್ಲವಾದ್ದರಿಂದ, ಒಂದೇ ಸಾಲು ಎರಡೂ ಕಡೆ ಸಲ್ಲಬೇಕು.

ಸುಲಭದ ದಾರಿ ಗಾದೆ ಎಂದು ಮೊದಲು ತಿಳಿದಿದ್ದೆ. ನಮ್ಮ ಸಂಘದ ಹೆಂಗಸರು ಮನೆಮನೆಯಲ್ಲಿ ಒಂದೊಂದು ಡಬ್ಬಿ ಇಟ್ಟು, ತರಕಾರಿಯವನು ಕೊಟ್ಟ ಚಿಲ್ಲರೆಯನ್ನು ಅದಕ್ಕೆ ಹಾಕುತ್ತ ಬಂದು, ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮುನ್ನ ಎಲ್ಲ ಡಬ್ಬಿಗಳನ್ನೂ ಒಟ್ಟಿಗೆ ಒಡೆದು ಮಕ್ಕಳ ನೋಟುಬುಕ್ಕಿಗೆ ಹಣ ಹೊಂದಿಸುತ್ತಾರೆ. ಆ ವರ್ಷ ಡಬ್ಬಿ ಒಡೆದ ದಿನದ ಚಿತ್ರದಲ್ಲಿ ಜಮಖಾನೆಯ ಮೇಲೆ ನಾಣ್ಯದ ರಾಶಿಯಿತ್ತು, ಸುತ್ತ ಎಣಿಸುವ ಕೈಗಳಿದ್ದವು. ನಾನು ಬರೆದದ್ದು ಇಷ್ಟು: ‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಹಿರಿಯರ ನುಡಿಯಂತೆ, ನಮ್ಮ ಸಂಘದ ಸದಸ್ಯೆಯರು ಅಲ್ಪ ಅಲ್ಪವಾಗಿ ಕೂಡಿಟ್ಟ ಹಣವು ಇಂದು ದೊಡ್ಡ ಮೊತ್ತವಾಗಿದೆ.’ ಗುಂಪಿನಲ್ಲಿ ಹತ್ತಾರು ಜನ ಕೈ ಮುಗಿದ ಚಿಹ್ನೆ ಹಾಕಿದರು. ಅಷ್ಟು ಬೇಗ ಕೈ ಮುಗಿಯುವವರು ಓದಿರುವುದಿಲ್ಲ ಎಂಬುದು ನನ್ನ ಅನುಭವ. ಪುಟದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಮಾತ್ರ ಪ್ರಾಮಾಣಿಕವಾಗಿ ಕೇಳಿದಳು: “ಅಂಕಲ್, ತೆನೆ ಸೇರಿದರೆ ಬಳ್ಳಿ ಹೇಗಾಗುತ್ತದೆ?”

ಆಕೆಯ ಪ್ರಶ್ನೆಯಿಂದ ನನಗೆ ನನ್ನ ಸಾಲಿನ ಎರಡು ದೋಷಗಳೂ ಒಟ್ಟಿಗೆ ಕಂಡವು. ಬಳ್ಳ ಎಂಬುದು ಧಾನ್ಯ ಅಳೆಯುವ ಒಂದು ಮಾನ. 1956ರ ಕಾಯ್ದೆಯಿಂದ ಮೆಟ್ರಿಕ್ ಅಳತೆಗಳು ಬಂದ ಮೇಲೆ ಅಂಗಡಿಯಿಂದ ಸೇರು, ಪಾವು, ಬಳ್ಳಗಳು ಮೆಲ್ಲನೆ ಹೊರಟುಹೋದವು, ಗಾದೆಯೊಳಗೆ ಮಾತ್ರ ಬಳ್ಳ ಉಳಿದುಕೊಂಡಿತು. ಕಂಡರಿಯದ ವಸ್ತುವಿನ ಹೆಸರನ್ನು ಹುಡುಗಿ ತಾನು ಬಲ್ಲ ಬಳ್ಳಿಯನ್ನಾಗಿ ಓದಿಕೊಂಡಳು. ಗಾದೆಯ ಮೊದಲ ಅರ್ಧದ ಬಗ್ಗೆ ಆಕೆ ಏನನ್ನೂ ಕೇಳಲಿಲ್ಲ ಎಂಬುದನ್ನೂ ಗಮನಿಸಬೇಕು. ‘ಥೆಂಬೆ ಥೆಂಬೆ ತಳೆ ಸಾಚೆ’ ಎಂದು ಮರಾಠಿ ಮೇಡಂ ಹೇಳಿಕೊಟ್ಟಿರುವುದರಿಂದ ಹನಿಯೂ ಹಳ್ಳವೂ ಆಕೆಗೆ ಮೊದಲೇ ಗೊತ್ತಿದ್ದವು. ಇಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ ಎಷ್ಟೋ ಗಾದೆಗಳ ಒಳಗಿನ ಬಾಗಿಲು ಮರಾಠಿಯ ಕಡೆಯಿಂದ ತೆರೆದಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದನ್ನು ಅವರು ‘ಅಂಥರೂಣ್ ಪಾಹೂನ್ ಪಾಯ್ ಪಸರಾವೆ’ ಎಂದು ಕಲಿತಿರುತ್ತಾರೆ. ನೀರಿನ ಪಾಲು ಎರಡೂ ನುಡಿಗಳಿಗೆ ಸೇರಿದ್ದು, ಧಾನ್ಯದ ಪಾಲು ನಮ್ಮದು. ಮೊದಲನೆಯದನ್ನು ಹೇಳಿದರೆ ಸಾಕು, ಎರಡನೆಯದನ್ನು ತೋರಿಸಬೇಕಿತ್ತು.

ಎರಡನೆಯ ದೋಷ ‘ಎಂಬ ಹಿರಿಯರ ನುಡಿಯಂತೆ’ ಎಂದು ಶುರುವಾಗುವ ಬಾಲ. ಇದು ‘ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ’ ಎಂಬ ಪರೀಕ್ಷೆಯ ಪ್ರಶ್ನೆಗೆ ಉತ್ತರ ಬರೆದ ಕೈಗೆ ಜೀವಮಾನವಿಡೀ ಅಂಟಿಕೊಂಡಿರುವ ಚಾಳಿ. ಗಾದೆ ಹೇಳಿದ್ದನ್ನು ಮತ್ತೊಮ್ಮೆ ಗದ್ಯದಲ್ಲಿ ಹೇಳಿ, ಅದಾಗಲೇ ಚಿತ್ರದಲ್ಲಿ ಕಾಣುತ್ತಿರುವುದನ್ನು ಮೂರನೆಯ ಸಲ ಹೇಳಿದರೆ, ಓದುವವರಿಗೆ ಮಾಡಲು ಏನೂ ಉಳಿಯುವುದಿಲ್ಲ. ನಮ್ಮ ಗಾದೆಗಳಲ್ಲಿ ಅನೇಕವು ಎರಡು ಎಸಳಿನವು: ಹನಿಗೂಡಿದರೆ ಎಂದರೆ ತೆನೆಗೂಡಿದರೆ ಬರಲೇಬೇಕು, ಕೈ ಕೆಸರಾದರೆ ಎಂದರೆ ಬಾಯಿ ತಾನಾಗಿ ಮೊಸರಿನ ಕಡೆ ತಿರುಗುತ್ತದೆ. ಕಿವಿಯಿಂದ ಗಾದೆ ಕಲಿತವರ ಮುಂದೆ ಅರ್ಧದಲ್ಲಿ ನಿಲ್ಲಿಸಿದರೆ ಉಳಿದರ್ಧವನ್ನು ಅವರೇ ನುಡಿಯುತ್ತಾರೆ, ನುಡಿದದ್ದರಿಂದ ಆ ಸಾಲು ಅವರದಾಗುತ್ತದೆ. ಇನ್‌ಸ್ಟಾಗ್ರಾಂ ಹೇಗೂ ಮೊದಲ ಒಂದೆರಡು ಸಾಲುಗಳನ್ನು ತೋರಿಸಿ ಉಳಿದದ್ದನ್ನು ಮಡಚಿಡುತ್ತದೆ. ಅದು ಮನಬಂದಲ್ಲಿ ಕತ್ತರಿಸುವ ಮೊದಲು, ಕತ್ತರಿಸಬೇಕಾದ ಜಾಗದಲ್ಲಿ ನಾವೇ ಕತ್ತರಿಸುವುದು ಮೇಲು.

ಬಳ್ಳದ ಮಾತಿಗೆ ಮತ್ತೆ ಬರುತ್ತೇನೆ. ನಡುವೆ ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ಅರ್ಧ ಗಾದೆಯ ರುಚಿ ಹತ್ತಿದ ಹೊಸತರಲ್ಲಿ, ನವರಾತ್ರಿಯ ಭಜನೆಯಲ್ಲಿ ಅತ್ತೆ ಹಾರ್ಮೋನಿಯಂ ನುಡಿಸುತ್ತಿದ್ದು ಸೊಸೆ ತಾಳ ಹಾಕುತ್ತಿದ್ದ ಚಿತ್ರವೊಂದು ನನ್ನ ಕೈಗೆ ಬಂತು. ಬಹಳ ಚೆಂದದ ಚಿತ್ರ. ಅದರ ಕೆಳಗೆ ನಾನು ‘ಅತ್ತೆಗೊಂದು ಕಾಲ…’ ಎಂದು ಬರೆದು ಮೂರು ಚುಕ್ಕಿ ಇಟ್ಟೆ. ಕಾಲ ಎಂದರೆ ತಾಳದ ಕಾಲವೂ ಹೌದಲ್ಲ ಎಂಬ ಶ್ಲೇಷೆಗೆ ನಾನೇ ಬೆನ್ನು ತಟ್ಟಿಕೊಂಡೆ. ಹುಡುಗರು ಹೃದಯದ ಚಿಹ್ನೆ ಒತ್ತಿದರು. ಹಿರಿಯರ ಗುಂಪಿನಲ್ಲಿ ಮೌನ. ಮರುದಿನ ಬೆಳಿಗ್ಗೆ ಅತ್ತೆಯವರೇ ಫೋನ್ ಮಾಡಿ, “ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ, ನಿಮಗೆ ಯಾರು ಹೇಳಿದರು?” ಎಂದು ಕೇಳಿದರು.

ಹುಡುಗರು ಅದನ್ನು ಇಬ್ಬರಿಗೂ ಒಂದೊಂದು ಕಾಲ ಎಂದು ಓದಿದ್ದರು. ಅತ್ತೆಯವರು ಮಾತ್ರ ಅದನ್ನು ಜಗಲಿಯ ಮೇಲೆ ಕುಳಿತ ನೆರೆಯವರ ದನಿಯಲ್ಲಿ ಕೇಳಿದ್ದರು: ಆಳಿದವಳು ಅನುಭವಿಸುವ ದಿನ ಬಂತು ಎಂಬ ಅರ್ಥದಲ್ಲಿ. ಗಾದೆಗೆ ಅರ್ಥವೊಂದೇ ಅಲ್ಲ, ಸಂದರ್ಭವೂ ಇರುತ್ತದೆ. ಯಾರು ಯಾರಿಗೆ ಯಾವ ಹೊತ್ತಿನಲ್ಲಿ ಹೇಳುತ್ತಾರೆ ಎಂಬುದು ಅದರೊಂದಿಗೇ ಬರುತ್ತದೆ. ಪುಸ್ತಕದಿಂದ ಎತ್ತಿಕೊಂಡವರಿಗೆ ಇದು ಕಾಣಿಸುವುದಿಲ್ಲ, ಮೈಮೇಲೆ ಬೀಳಿಸಿಕೊಂಡವರಿಗೆ ಬೇರೇನೂ ಕಾಣಿಸುವುದಿಲ್ಲ. ಬೀಳ್ಕೊಡುಗೆಯ ಚಿತ್ರಕ್ಕೆ ‘ಹೊಳೆ ದಾಟಿದ ಮೇಲೆ’ ಎಂದು ಬರೆಯಲು ಹೊರಟಿದ್ದ ನಮ್ಮ ಕಾರ್ಯದರ್ಶಿಯನ್ನು ಆಮೇಲೆ ನಾನು ತಡೆದೆ. ಅಂಬಿಗನ ಹಂಗಿಲ್ಲದವನು ಕೃತಘ್ನ, ನಿವೃತ್ತನಲ್ಲ. ಈಗ ಯಾವ ಗಾದೆಯನ್ನಾದರೂ ಬರೆಯುವ ಮೊದಲು, ಚಿತ್ರದಲ್ಲಿರುವವರ ಮುಖ ನೋಡಿಕೊಂಡು ಅದನ್ನು ಗಟ್ಟಿಯಾಗಿ ಒಮ್ಮೆ ಹೇಳಿ ನೋಡುತ್ತೇನೆ. ನಾಲಿಗೆ ಹಿಂಜರಿದರೆ ಬೆರಳೂ ನಿಲ್ಲಬೇಕು.

ಕವಿತೆಯ ಸಾಲಿನ ಲೆಕ್ಕ ಬೇರೆ. ಗಾದೆಗೆ ಒಡೆಯನಿಲ್ಲವಾದ್ದರಿಂದ ಅದನ್ನು ಮುರಿಯಬಹುದು, ತಿರುಚಬಹುದು, ಊರಿಗೊಂದರಂತೆ ಅದೇ ತಿರುಚಿಕೊಂಡಿರುತ್ತದೆ. ಕವಿತೆಯನ್ನು ಹಾಗೆ ಮಾಡಲು ಬರುವುದಿಲ್ಲವೆಂದು ನನಗೆ ಕಲಿಸಿದ್ದು ಕರ್ಜತ್ ಕಡೆಯ ಬೆಟ್ಟಕ್ಕೆ ಮಳೆಗಾಲದಲ್ಲಿ ಹೋಗಿ ಬಂದ ನಮ್ಮ ಹುಡುಗರ ತಂಡ. ಮೊಣಕಾಲೆತ್ತರದ ಹುಲ್ಲು, ಹಿಂದೆ ಮೋಡ ಮುಸುಕಿದ ಬೆಟ್ಟ, ಎದುರು ಒದ್ದೆಯಾದ ಎಂಟು ಮುಖಗಳು. ಡಿ.ವಿ.ಜಿ.ಯವರ ‘ಹುಲ್ಲಾಗು ಬೆಟ್ಟದಡಿ, ಮನೆಗೆ ಮಲ್ಲಿಗೆಯಾಗು’ ಎಂಬ ಸಾಲನ್ನು ನಾನು ಕಳಿಸಿಕೊಟ್ಟೆ. 1943ರಲ್ಲಿ ಅಚ್ಚಾದ ಕಗ್ಗದ ಈ ಸಾಲಿನಲ್ಲಿ ಇಂದಿನ ಹುಡುಗರಿಗೆ ತಿಳಿಯದ ಪದ ಒಂದೂ ಇಲ್ಲ, ಹಿರಿಯರಿಗೆ ಬಾಯಿಪಾಠ. ತಂಡದವನೊಬ್ಬ ಹುಲ್ಲು ಎಂದರೆ ಗೌರವವಿಲ್ಲ ಎಂದುಕೊಂಡು, ‘ಹಸಿರಾಗು ಬೆಟ್ಟದಡಿ’ ಎಂದು ತಿದ್ದಿ ಹಾಕಿದ.

ಪುರಸಭೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ನಮ್ಮ ಮೇಷ್ಟ್ರು ಅದನ್ನು ನೋಡಿದ ಐದು ನಿಮಿಷದೊಳಗೆ ನನಗೆ ಫೋನ್ ಮಾಡಿ, “ಕಲ್ಲನ್ನು ಎಲ್ಲಿ ಇಡುತ್ತೀರಿ?” ಎಂದರು. ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆ ಪದ್ಯದ ನಾಲ್ಕು ಸಾಲುಗಳು ಹುಲ್ಲಾಗು, ಕಲ್ಲಾಗು, ಬೆಲ್ಲ, ಎಲ್ಲರೊಳಗೊಂದಾಗು ಎಂದು ತೊಡಗುತ್ತವೆ. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರುವ ಆದಿಪ್ರಾಸ ಅದು. ‘ಹುಲ್ಲಾಗು’ ಎಂದು ಕಂಡೊಡನೆ ಬಲ್ಲವರ ಮನಸ್ಸು ‘ಲ್ಲ’ಕಾರವನ್ನು ಹಿಡಿದು ಮುಂದಿನ ಮೂರು ಮೆಟ್ಟಿಲುಗಳನ್ನು ತಾನೇ ಇಳಿಯುತ್ತದೆ. ಹಸಿರು ಎಂದುಬಿಟ್ಟರೆ ಮೊದಲ ಮೆಟ್ಟಿಲೇ ಇಲ್ಲ. ಮೇಷ್ಟ್ರ ಕಾಲು ಜಾರಿದ್ದು ಅಲ್ಲಿ. ಹುಡುಗನಿಗೆ ಇದನ್ನು ವಿವರಿಸಿದಾಗ ಅವನು ಬೇಸರ ಮಾಡಿಕೊಳ್ಳಲಿಲ್ಲ. ಅವನು ರ‍್ಯಾಪ್ ಕೇಳುವವನು, ಪ್ರಾಸ ತಪ್ಪುವುದೆಂದರೇನು ಎಂಬುದು ಅವನಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು. ಹುಲ್ಲು ಮರಳಿ ಬಂತು, ಕೆಳಗೆ ಕವಿಯ ಹೆಸರೂ ಬಂತು. ಉಳಿದ ಮೂರು ಸಾಲುಗಳನ್ನು ಯಾರೂ ಹಾಕಲಿಲ್ಲ. ಸಂಜೆಯೊಳಗೆ ಗುಂಪಿನ ಹಿರಿಯರು ಒಬ್ಬರಾದ ಮೇಲೊಬ್ಬರು ಕಲ್ಲನ್ನೂ ಬೆಲ್ಲವನ್ನೂ ತಂದು ಕೂಡಿಸಿದರು.

ಮರುವರ್ಷ ಮತ್ತೆ ಡಬ್ಬಿ ಒಡೆಯುವ ದಿನ ಬಂತು. ಈ ಸಲ ನಾನು ಮೊದಲೇ ಸಿದ್ಧನಾಗಿದ್ದೆ. ಸಂಘದ ಅತಿ ಹಿರಿಯ ಅಜ್ಜಿಯೊಬ್ಬರು ಮದುವೆಯಾಗಿ ಧಾರವಾಡದ ಕಡೆಯಿಂದ ಮುಂಬಯಿಗೆ ಬರುವಾಗ ತಂದಿದ್ದ ಹಿತ್ತಾಳೆಯ ಅಳತೆಯ ಪಾತ್ರೆಯೊಂದು ಅವರ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಇತ್ತು; ಒಂದು ಕೋಣೆಯ ಮನೆಯಿಂದ ಎರಡು ಕೋಣೆಯ ಮನೆಗೆ ಬಂದರೂ ಅವರು ಅದನ್ನು ಬಿಟ್ಟಿರಲಿಲ್ಲ. ಅದನ್ನು ಹುಣಸೆಹಣ್ಣಿನಲ್ಲಿ ಉಜ್ಜಿಸಿ ತರಿಸಿಕೊಂಡು, ನಾಣ್ಯಗಳನ್ನು ಅದರಲ್ಲಿ ಗೋಪುರವಾಗುವಷ್ಟು ತುಂಬಿ, ಜಮಖಾನೆಯ ಮೇಲಿಟ್ಟು ಚಿತ್ರ ತೆಗೆಸಿದೆ. ಅಡಿಬರಹ ಬರೆಯಲು ಹತ್ತು ನಿಮಿಷವೂ ಬೇಕಾಗಲಿಲ್ಲ.

‘ಹನಿಗೂಡಿದರೆ ಹಳ್ಳ. ಇದು ಬಳ್ಳ.’

ತೆನೆಯ ಮಾತನ್ನು ನಾನು ಎತ್ತಲಿಲ್ಲ. ಗುಂಪಿನಲ್ಲಿ ಕೈ ಮುಗಿಯುವ ಚಿಹ್ನೆ ಆ ದಿನ ಕಡಿಮೆ. ಅದರ ಬದಲು ‘ತೆನೆ ಎಲ್ಲಿ?’ ಎಂದೊಬ್ಬರು, ‘ತೆನೆಗೂಡಿದರೆ’ ಎಂದಷ್ಟೇ ಇನ್ನೊಬ್ಬರು ಬರೆದರು. ಹೋದ ವರ್ಷ ಬಳ್ಳಿಯ ವಿಷಯ ಕೇಳಿದ್ದ ಹುಡುಗಿ ಪುಟದಲ್ಲಿ, ‘ಓ, ಇದಾ ಬಳ್ಳ!’ ಎಂದು ಬರೆದು, ಅದನ್ನು ತನ್ನ ಸ್ಟೇಟಸ್ಸಿಗೂ ಹಾಕಿಕೊಂಡಳು. ನಾನು ಸಂತೋಷದಿಂದ ಚಹಾ ಕುಡಿಯುತ್ತಿರುವಾಗ ಅಜ್ಜಿಯ ಫೋನ್ ಬಂತು. ಮೊಮ್ಮಗ ಅವರಿಗೆ ಅಡಿಬರಹವನ್ನು ಓದಿ ಹೇಳಿದ್ದನಂತೆ.

“ತಮ್ಮಾ, ಅದು ಬಳ್ಳ ಅಲ್ಲ, ಸೇರು. ಬಳ್ಳ ಅದಕ್ಕಿಂತ ದೊಡ್ಡದಿರತದ,” ಎಂದರು ಅಜ್ಜಿ. ಹಾಗಾದರೆ ತಿದ್ದಿ ಹಾಕಲೇ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಹಳ್ಳಕ್ಕೆ ಸೇರು ಪ್ರಾಸ ಕೂಡುವುದಿಲ್ಲವಾದ್ದರಿಂದ ಇರಲಿ ಬಿಡು, ಬರುವ ವರ್ಷ ರೊಕ್ಕ ಜಾಸ್ತಿ ಕೂಡಿದರೆ ಊರಿನಿಂದ ನಿಜವಾದ ಬಳ್ಳವನ್ನೇ ತರಿಸುತ್ತೇನೆ ಎಂದರು.